ಮಾವನ ಹೊಟ್ಟೆಗೆ ಜೂಮ್ ಮಾಡಿದವರಿಗೆ

ನಿನ್ನೆ ಸೋದರಮಾವನ ನಿವೃತ್ತಿ ಸಮಾರಂಭ. ಅವರ ಮಗ ಎಪ್ಪತ್ತು ಫೋಟೊ ಹಾಕಿ ಐದು ನಿಮಿಷದ ನೆನಪಿನ ವಿಡಿಯೊ ಮಾಡಿದ್ದ. ಒಂದೊಂದು ಫೋಟೊಗೂ ನಾಲ್ಕು ಸೆಕೆಂಡ್. ನಾಲ್ಕು ಸೆಕೆಂಡೂ ಜೂಮ್. ಒಳಗೆ, ಇನ್ನೂ ಒಳಗೆ.

ಆಮೇಲೆ ಬಂತು ಮಾವ ಇಪ್ಪತ್ತೈದರ ಹರೆಯದಲ್ಲಿ ನೆಟ್ಟಗೆ ನಿಂತು ತೆಗೆಸಿಕೊಂಡ ಫೋಟೊ. ಪರದೆ ತುಂಬ ಅಂಗಿ, ಬೆಲ್ಟು, ಮೊಣಕಾಲು. ಮುಖವೇ ಇಲ್ಲ. ನಿಧಾನವಾಗಿ, ಬಹಳ ಭಾವುಕವಾಗಿ, ಅದು ಬೆಲ್ಟಿನ ಬಕಲ್ ಕಡೆ ಹೋಗತೊಡಗಿತು. ಹಿನ್ನೆಲೆಯಲ್ಲಿ ಪಿಟೀಲು ಬೇರೆ. ಅತ್ತೆ ಕಣ್ಣು ಒರೆಸಿಕೊಳ್ಳುತ್ತಿದ್ದರು, ಮಕ್ಕಳು ಕಿಸಕ್ಕೆಂದು ನಕ್ಕರು. ನನಗೆ ಎರಡೂ ಆಗಲಿಲ್ಲ, ಬರೀ ಸಿಟ್ಟು ಬಂತು. ಹಳೆ ಎಡಿಟರ್ ರೋಗ ಇದು, ನಿಮಗೆಲ್ಲ ಗೊತ್ತಿದ್ದದ್ದೇ.

ಅಲ್ಲಿ ಆದದ್ದು ಇಷ್ಟು. ಆ ಫೋಟೊ ಉದ್ದಕ್ಕಿದೆ, ಪರದೆ ಅಡ್ಡಕ್ಕಿದೆ. ಎರಡು ಪಕ್ಕದಲ್ಲೂ ಕಪ್ಪು ಜಾಗ ಕಾಣಬಾರದು ಅಂತ ಸಾಫ್ಟ್‌ವೇರ್ ಫೋಟೊದ ಅಗಲವನ್ನು ಪರದೆಯ ಅಗಲಕ್ಕೆ ಹಿಗ್ಗಿಸುತ್ತದೆ. ಅಗಲ 1920 ಪಿಕ್ಸೆಲ್ ಆದಾಗ ಆ ಫೋಟೊದ ಎತ್ತರ 2880 ಆಗುತ್ತದೆ. ಪರದೆಯಲ್ಲಿ ಜಾಗ ಇರುವುದು 1080ಕ್ಕೆ ಮಾತ್ರ. ಅಂದರೆ ಎತ್ತರದ ಎಂಟು ಪಾಲಿನಲ್ಲಿ ಮೂರು ಪಾಲು ಕಾಣುತ್ತದೆ, ಅದೂ ಸರಿಯಾಗಿ ಮಧ್ಯದ್ದು. ನಿಂತ ಮನುಷ್ಯನ ಮಧ್ಯದಲ್ಲಿ ಏನಿರುತ್ತದೆ ಅಂತ ನಾನು ಹೇಳಬೇಕಾ?

ಈಗಿನ ಸಾಫ್ಟ್‌ವೇರ್‌ಗಳು ಮುಖ ಗುರುತಿಸುತ್ತವೆ ಅಂತ ಕೆಲವರು ಹೇಳುತ್ತೀರಿ. ಕೆಲವು ಗುರುತಿಸುತ್ತವೆ, ಒಪ್ಪಿದೆ. ಮೂವತ್ತು ಜನರ ಗುಂಪಿನಲ್ಲಿ ಯಾರ ಮುಖ ಅಂತ ಅದಕ್ಕೆ ಹೇಳಿದವರು ಯಾರು?

ಈ ಜೂಮ್‌ಗೆ ಒಂದು ಮರ್ಯಾದೆ ಇತ್ತು ಮಾರಾಯ್ರೇ. ಕೆನಡಾದ ನ್ಯಾಷನಲ್ ಫಿಲ್ಮ್ ಬೋರ್ಡ್ 1957ರಲ್ಲಿ ‘ಸಿಟಿ ಆಫ್ ಗೋಲ್ಡ್’ ಅನ್ನುವ ಕಿರುಚಿತ್ರ ಮಾಡಿತು. ಚಿನ್ನ ಹುಡುಕಿಕೊಂಡು ಜನ ನುಗ್ಗಿದ ಡಾಸನ್ ಸಿಟಿಯ ಹಳೆ ಫೋಟೊಗಳ ಮೇಲೆ ಕ್ಯಾಮೆರಾ ಓಡಾಡಿಸಿ ಕಥೆ ಹೇಳಿದರು. ಅಮೆರಿಕದ ಕೆನ್ ಬರ್ನ್ಸ್ ಇದೇ ದಾರಿ ಹಿಡಿದು 1990ರಲ್ಲಿ ಅಲ್ಲಿನ ಅಂತರ್ಯುದ್ಧದ ಬಗ್ಗೆ ಸಾಕ್ಷ್ಯಚಿತ್ರ ಸರಣಿ ಮಾಡಿದರು. ಆಮೇಲೆ 2003ರಲ್ಲಿ ಆಪಲ್‌ನ ವಿಡಿಯೊ ಸಾಫ್ಟ್‌ವೇರ್ ಐಮೂವಿಗೆ ‘ಕೆನ್ ಬರ್ನ್ಸ್’ ಅನ್ನುವ ಹೆಸರಲ್ಲೇ ಇದು ಬಂತು. ಆ ಚಿತ್ರಗಳನ್ನು ಮಾಡಿದವರಿಗೆ ಪ್ರತಿ ಫೋಟೊದಲ್ಲೂ ಎಲ್ಲಿಂದ ಹೊರಡಬೇಕು, ಎಲ್ಲಿಗೆ ಮುಟ್ಟಬೇಕು ಅನ್ನುವ ತೀರ್ಮಾನ ಇತ್ತು. ನಮಗೆ ಒಂದು ಬಟನ್ ಇದೆ.

ರಾತ್ರಿ ನಿದ್ದೆ ಬರಲಿಲ್ಲ. ಎದ್ದು ಕೂತು ನಾನೇ ಸರಿ ಮಾಡಲು ಹೊರಟೆ. (ಹೆಂಡತಿ ಏನಂದಳು ಅಂತ ಇಲ್ಲಿ ಬರೆಯುವುದಿಲ್ಲ.)

ಮೊದಲು ಕೈಗೆತ್ತಿಕೊಂಡದ್ದು ಮಾವನ ಆಫೀಸಿನ ಗುಂಪು ಫೋಟೊ. ಮೂರು ಸಾಲು ಜನ, ಹಿಂದಿನ ಸಾಲಿನ ಎಡತುದಿಯಲ್ಲಿ ಮಾವ. ವಿಡಿಯೊದಲ್ಲಿ ಇದೇ ಜಾಸ್ತಿ ಹಾಳಾಗಿತ್ತು. ಫೋಟೊವನ್ನು ಪರದೆ ತುಂಬಿಸಿದಾಗಲೇ ಮೇಲಿಂದ 100, ಕೆಳಗಿಂದ 100 ಪಿಕ್ಸೆಲ್ ಹೋಗಿತ್ತು, ಜೊತೆಗೆ ಮಾವನ ಕೂದಲೂ. ಮೇಲೆ ಮಧ್ಯಕ್ಕೆ ಜೂಮ್. ಮಧ್ಯಕ್ಕೆ ಹೋದ ಹಾಗೆಲ್ಲ ಅಂಚಿನವರು ಹೊರಗೆ ಹೋಗುತ್ತಾರೆ ಅಲ್ವಾ? ಮೂರನೇ ಸೆಕೆಂಡಿಗೆ ಮಾವ ತಮ್ಮದೇ ನಿವೃತ್ತಿ ವಿಡಿಯೊದಿಂದ ನಿವೃತ್ತರಾದರು. ಪರದೆಯಲ್ಲಿ ಉಳಿದದ್ದು ಯಾರೋ ಮೀಸೆಯ ಸಾಹೇಬರು.

ಇನ್ನೊಂದು ತೊಂದರೆ, ಆ ಫೋಟೊವನ್ನು ಯಾರೋ ಮೊಬೈಲಲ್ಲಿ ಹೊಡೆದು ಮೆಸೇಜಲ್ಲಿ ಕಳಿಸಿದ್ದರು. ಬರುವಷ್ಟರಲ್ಲಿ ಅಗಲ 1600 ಪಿಕ್ಸೆಲ್‌ಗೆ ಇಳಿದಿತ್ತು. 1920ರ ಪರದೆಗೆ ಅದನ್ನು ಮೊದಲೇ ಎಳೆದು ಹಿಗ್ಗಿಸಬೇಕು. ಅದರ ಮೇಲೆ ಜೂಮ್ ಮಾಡಿದರೆ ಮುಖ ಬೆಣ್ಣೆಯ ಹಾಗೆ ಕರಗುತ್ತದೆ. ಬೆಳಿಗ್ಗೆಯೇ ಅತ್ತೆಯ ಹತ್ತಿರ ಮೂಲ ಪ್ರಿಂಟ್ ಕೇಳಿ ತಂದೆ. ಆರು ಇಂಚು ಅಗಲ, ನಾಲ್ಕು ಇಂಚು ಎತ್ತರ. 600 ಡಿಪಿಐಗೆ, ಅಂದರೆ ಇಂಚಿಗೆ 600 ಪಿಕ್ಸೆಲ್‌ನಂತೆ ಸ್ಕ್ಯಾನ್ ಮಾಡಿದರೆ ಅಗಲ 3600 ಪಿಕ್ಸೆಲ್ ಸಿಗುತ್ತದೆ. ಈಗ ಹೆಚ್ಚುಕಡಿಮೆ 1.9 ಪಟ್ಟು ಹತ್ತಿರ ಹೋದರೂ ಪಿಕ್ಸೆಲ್ ಹಿಗ್ಗಿಸುವ ಕೆಲಸವಿಲ್ಲ. ಅದಕ್ಕಿಂತ ಹತ್ತಿರ ಹೋಗಲಿಲ್ಲ.

ದಿಕ್ಕನ್ನೂ ತಿರುಗಿಸಿದೆ. ಒಳಗೆ ಹೋಗುವ ಬದಲು ಹೊರಗೆ ಬಂದೆ. ಶುರುವಿನ ಚೌಕಟ್ಟಿನಲ್ಲಿ ಮಾವ ಮತ್ತು ಅವರ ಹೆಗಲ ಮೇಲೆ ಕೈ ಹಾಕಿದ ಗೆಳೆಯ. ಕೊನೆಯದರಲ್ಲಿ ಇಡೀ ಆಫೀಸು. ಚೌಕಟ್ಟನ್ನು ಮೇಲಕ್ಕೆ ಸರಿಸಿದ್ದರಿಂದ ಕತ್ತರಿಸಿ ಹೋದದ್ದು ಮುಂದಿನ ಸಾಲಿನವರ ಚಪ್ಪಲಿ ಮಾತ್ರ. ನಾಲ್ಕು ಸೆಕೆಂಡ್ ಇದ್ದದ್ದನ್ನು ಹತ್ತು ಮಾಡಿದೆ, ಯಾಕೆಂದರೆ ಮೂವತ್ತು ಮುಖ ನೋಡಲು ಜನರಿಗೆ ಹೊತ್ತು ಬೇಕು.

ಆದರೂ ಮೊದಲ ಸಲ ಓಡಿಸಿದಾಗ ಏನೋ ಸರಿ ಇರಲಿಲ್ಲ. ಶುರುವಿನಲ್ಲಿ ಆಮೆ, ಕೊನೆಯಲ್ಲಿ ಮೊಲ. ಕಾರಣ ಸುಲಭ. ಫೋಟೊ ಪರದೆಯ ಅಗಲಕ್ಕೆ ಸರಿಯಾಗಿ ಕೂತಾಗಿನ ಅಳತೆ 100 ಅಂದುಕೊಳ್ಳಿ. ಅದು 187ರಿಂದ 177ಕ್ಕೆ ಇಳಿದಾಗ ಚಿತ್ರ ಸುಮಾರು ಶೇ 5ರಷ್ಟು ಕುಗ್ಗುತ್ತದೆ. ಅದೇ 110ರಿಂದ 100ಕ್ಕೆ ಇಳಿದರೆ ಶೇ 9ರಷ್ಟು. ಸಾಫ್ಟ್‌ವೇರ್‌ಗೆ ಎರಡೂ ಹತ್ತೇ, ಕಣ್ಣಿಗೆ ಹಾಗಲ್ಲ. ಚಲನೆ ಎಲ್ಲಿ ಶುರು, ಎಲ್ಲಿ ಕೊನೆ ಅಂತ ಸಾಫ್ಟ್‌ವೇರ್‌ಗೆ ತೋರಿಸುವ ಗುರುತೇ ಕೀಫ್ರೇಮ್. ಕೊನೆಯ ಕೀಫ್ರೇಮ್‌ಗೆ ‘ಈಸ್’ ಕೊಟ್ಟು, ಮುಟ್ಟುವ ಹೊತ್ತಿಗೆ ವೇಗ ತಗ್ಗುವ ಹಾಗೆ ಮಾಡಿದೆ. ಮುಟ್ಟಿದ ಮೇಲೆ ಒಂದು ಸೆಕೆಂಡ್ ಸುಮ್ನೆ ನಿಲ್ಲಿಸಿದೆ. ಆಗ ಸರಿಹೋಯಿತು.

ಹಾಗಂತ ತೀರಾ ನಿಧಾನ ಮಾಡಿದರೂ ಕಷ್ಟವೇ. ಕೆಲವು ಸಾಫ್ಟ್‌ವೇರ್ ಚಿತ್ರವನ್ನು ಪೂರ್ತಿ ಪಿಕ್ಸೆಲ್‌ಗಳ ಲೆಕ್ಕದಲ್ಲಿ ಮಾತ್ರ ಸರಿಸುತ್ತದೆ. ಅರ್ಧ ಪಿಕ್ಸೆಲ್ ಹೋಗಬೇಕಾದ ಕಡೆ ಒಮ್ಮೆ ನಿಲ್ಲುತ್ತದೆ, ಒಮ್ಮೆ ಹಾರುತ್ತದೆ. ಫೋಟೊದಲ್ಲಿ ಕಿಟಕಿಯೋ ಬಾಗಿಲೋ ಇದ್ದರೆ ಅದರ ನೇರ ಅಂಚು ನೋಡಿ. ಚಳಿ ಹಿಡಿದ ಹಾಗೆ ನಡುಗುತ್ತಿದ್ದರೆ ಇದೇ ಕಾಯಿಲೆ.

ಬೆಳಿಗ್ಗೆ ಹುಡುಗನಿಗೆ ಫೋನ್ ಮಾಡಿ ಇಷ್ಟೂ ಹೇಳಿದೆ. “ಬಿಡಣ್ಣ, ಎಲ್ಲರೂ ಅತ್ತರಲ್ಲ, ಸಾಕು” ಅಂದ. ಅತ್ತದ್ದು ಮಾವನಿಗಾಗಿ ಕಣೋ, ನಿನ್ನ ಜೂಮ್‌ಗಲ್ಲ. ಆ ಫೋಟೊಗಳನ್ನು ಕೈಯಲ್ಲಿ ಕೊಟ್ಟಿದ್ದರೂ ಅಳುತ್ತಿದ್ದರು.

ಇಷ್ಟು ಬೈದ ಮೇಲೆ ನನ್ನದೂ ಒಂದು ಹೇಳಿಬಿಡುತ್ತೇನೆ. ಅಪ್ಪ ಹೋದ ವರ್ಷ ನಾನೂ ಒಂದು ವಿಡಿಯೊ ಮಾಡಿದ್ದೆ. ಎಲ್ಲ ಕೀಫ್ರೇಮ್ ನನ್ನ ಕೈಯಿಂದಲೇ ಇಟ್ಟದ್ದು, ಒಂದೂ ನಡುಗುವುದಿಲ್ಲ. ಕೊನೆಯ ಫೋಟೊದಲ್ಲಿ ಅಪ್ಪ ನೇರ ಕ್ಯಾಮೆರಾ ನೋಡುತ್ತಿದ್ದಾರೆ. ಅದಕ್ಕೂ ಜೂಮ್ ಇಟ್ಟಿದ್ದೆ, ಕಣ್ಣಿನವರೆಗೂ. ಅಮ್ಮ ನೋಡಿ, “ಅವರನ್ನ ಯಾಕೋ ಅಲ್ಲಾಡಿಸ್ತೀಯ? ಒಂದು ನಿಮಿಷ ನೋಡೋಕೆ ಬಿಡು” ಅಂದಳು. ಅಷ್ಟು ವರ್ಷದ ಕೆಲಸದಲ್ಲಿ ನನಗೆ ಇದನ್ನು ಯಾರೂ ಹೇಳಿರಲಿಲ್ಲ.

ಮಾವನ ಆ ನಿಂತ ಫೋಟೊಗೆ ಮೊದಲು ಪಾದದಿಂದ ಮುಖದವರೆಗೆ ಮೆಲ್ಲಗೆ ಏರುವ ಪ್ಯಾನ್ ಇಟ್ಟು ನೋಡಿದೆ. ದಾರಿ 1800 ಪಿಕ್ಸೆಲ್. ನಾಲ್ಕು ಸೆಕೆಂಡಿಗೆ ಅದು ಲಿಫ್ಟ್ ಹತ್ತಿದ ಹಾಗಿತ್ತು, ಹನ್ನೆರಡಕ್ಕೆ ಬಟ್ಟೆಯ ಜಾಹೀರಾತು. ಎರಡನ್ನೂ ಅಳಿಸಿದೆ. ಈಗ ಪೂರ್ತಿ ಫೋಟೊ ಇದೆ, ಎರಡೂ ಪಕ್ಕ ಕಪ್ಪು ಜಾಗ ಇದೆ, ಆರು ಸೆಕೆಂಡ್ ಅದು ಅಲ್ಲಾಡುವುದಿಲ್ಲ. ಹುಡುಗನಿಗೆ ಕಳಿಸಿದ್ದೇನೆ. “ಅಣ್ಣ, ಇಲ್ಲಿ ವಿಡಿಯೊ ಹ್ಯಾಂಗ್ ಆಗ್ತಿದೆ” ಅಂತ ಉತ್ತರ ಬಂದಿದೆ.