ಪರಿಷ್ಕೃತ ಜಲ್ಲಿ ಲೆಕ್ಕದ ಬಗ್ಗೆ ಸ್ಪಷ್ಟನೆ

"ರಸ್ತೆಯ ಅಗಲ ಹೆಚ್ಚಿದ್ದು ಕಾಲು ಭಾಗ. ಗುತ್ತಿಗೆದಾರನಿಗೆ ಎಂಜಿನಿಯರ್ ಬರೆದ ಪತ್ರದಲ್ಲಿ ಜಲ್ಲಿ ಮಾತ್ರ ಮೂರನೇ ಎರಡು ಭಾಗ ಹೆಚ್ಚಿದೆ. ಮಿಕ್ಕಿದ್ದು ಯಾರ ಪಾಲಿಗೆ?"

ಪತ್ರ ಬರೆದವನು ನಾನೇ. ಉಲ್ಲೇಖಿಸಿರುವ ಅಂಕಿಗಳು ಸರಿಯಾಗಿವೆ, ತೆಗೆದ ಅರ್ಥ ತಪ್ಪು.

ರಸ್ತೆಯ ಉದ್ದ 400 ಮೀಟರ್. ಅಗಲ 3 ಮೀಟರ್‌ನಿಂದ 3.75ಕ್ಕೆ ಏರಿದೆ. ಮೇಲಿನ ಕಾಂಕ್ರೀಟ್ ಎಲ್ಲೆಡೆ 15 ಸೆಂ.ಮೀ. ದಪ್ಪವಿರುವುದರಿಂದ ಅದು 180 ಘನ ಮೀಟರ್‌ನಿಂದ 225ಕ್ಕೆ, ಅಂದರೆ ಕಾಲು ಭಾಗವೇ ಹೆಚ್ಚಿದೆ.

ಜಲ್ಲಿಯ ಕಥೆ ಬೇರೆ. ಹಳೆಯ ರಸ್ತೆಯ ಅಡಿಯಲ್ಲಿ ವರ್ಷಗಟ್ಟಲೆ ಗಾಡಿ ಓಡಾಡಿ ಗಟ್ಟಿಯಾದ ಕಲ್ಲಿನ ಪದರವಿದೆ. ಅದರ ಮೇಲೆ ಸಮತಟ್ಟಿಗಾಗಿ 7.5 ಸೆಂ.ಮೀ. ಸಾಕು: 90 ಘನ ಮೀಟರ್. ಹೊಸದಾಗಿ ಸೇರಿದ ಮುಕ್ಕಾಲು ಮೀಟರ್ ಪಟ್ಟಿ ನಿನ್ನೆಯವರೆಗೆ ಹೊಲದ ಬದುವಾಗಿತ್ತು. ಅಲ್ಲಿ ಮೆದು ಮಣ್ಣನ್ನು ಅಗೆದು 20 ಸೆಂ.ಮೀ. ಜಲ್ಲಿ ತುಂಬಬೇಕು: 60 ಘನ ಮೀಟರ್. ಒಟ್ಟು 150. ಇಲ್ಲಿ ಕೈ ಬಿಗಿಹಿಡಿದರೆ ಮಳೆಗಾಲದಲ್ಲಿ ಅಂಚು ಕುಸಿದು, ಹಳೆಯದೂ ಹೊಸದೂ ಕೂಡುವ ಗೆರೆಯುದ್ದಕ್ಕೂ ಕಾಂಕ್ರೀಟ್ ಸೀಳುತ್ತದೆ.

ಲಾರಿ ಎಣಿಸುತ್ತಿರುವವರು ಒಂದನ್ನು ಗಮನಿಸಬೇಕು. ಈ ಅಳತೆ ರೋಲರ್ ಹಾಯ್ದ ನಂತರದ್ದು. ಸಡಿಲ ಜಲ್ಲಿ ಇದಕ್ಕಿಂತ ಹೆಚ್ಚೇ ಬರುತ್ತದೆ. ಹಣ ಪಾವತಿಯಾಗುವುದೂ ಪತ್ರದ ಅಂಕಿಗಲ್ಲ, ಅಳತೆ ಪುಸ್ತಕದಲ್ಲಿ ದಾಖಲಾದ ದಪ್ಪಕ್ಕೆ.

ಅನುಮಾನವಿದ್ದವರು ಕಾಂಕ್ರೀಟ್ ಬೀಳುವ ಮುನ್ನವೇ ಬನ್ನಿ. ಹೊಸ ಪಟ್ಟಿಯಲ್ಲಿ ನೀವು ತೋರಿಸಿದ ಕಡೆ ಗುಂಡಿ ತೆಗೆಸಿ, ಟೇಪು ನಿಮ್ಮ ಕೈಗೇ ಕೊಡುತ್ತೇನೆ.