ಸತ್ಯಾಂಶ: ಏಳೇ ದಿನದಲ್ಲಿ ಕತ್ತು ನೇರವಾಗುತ್ತದೆಯೇ?

"ಮೊಬೈಲ್ ನೋಡಿ ಮುಂದೆ ಬಾಗಿದ ಕತ್ತು, ಭುಜ ಗದ್ದ ಹಿಂದಕ್ಕೆ ಸರಿಸುವ ಒಂದೇ ವ್ಯಾಯಾಮದಿಂದ ಏಳು ದಿನದಲ್ಲಿ ಸರಿಹೋಗುತ್ತದೆಂದು ಮೊದಲಿನ ಮತ್ತು ನಂತರದ ಎರಡು ಫೋಟೊ ತೋರಿಸುತ್ತಾರೆ, ನಿಜವೇ?"

ಇಲ್ಲ. ಸ್ನಾಯು ಬಲಗೊಳ್ಳಲು ವಾರಗಟ್ಟಲೆ ಬೇಕು. ಎರಡನೇ ಫೋಟೊದಲ್ಲಿ ನೇರವಾಗಿ ಕಾಣಲು ಆ ಕ್ಷಣ ಸೆಟೆದು ನಿಂತರೂ ಸಾಕು. ನೀವೇ ಪರೀಕ್ಷಿಸಿ: ಗೋಡೆಗೆ ಬೆನ್ನು ತಾಗಿಸಿ ಸಹಜವಾಗಿ ನಿಂತು, ತಲೆಯ ಹಿಂಭಾಗಕ್ಕೂ ಗೋಡೆಗೂ ಇರುವ ಅಂತರವನ್ನು ಸ್ಕೇಲಿನಿಂದ ಅಳೆಸಿ. ವಾರದ ನಂತರ ಹಾಗೆಯೇ ಮತ್ತೊಮ್ಮೆ ಅಳೆಸಿ.

ವ್ಯಾಯಾಮವೇನೋ ಒಳ್ಳೆಯದೇ. ದೃಷ್ಟಿ ಎದುರಿಗಿಟ್ಟು, ಮೇಜಿನ ಡ್ರಾಯರ್ ಒಳಗೆ ತಳ್ಳಿದಂತೆ ಗದ್ದವನ್ನು ನೇರ ಹಿಂದಕ್ಕೆ ಸರಿಸಿ, 5 ಸೆಕೆಂಡ್ ಹಿಡಿದು ಬಿಡಿ. ಹೀಗೆ 10 ಬಾರಿ. ಗದ್ದ ಎದೆಯತ್ತ ಇಳಿದರೆ ಅದು ಬರೀ ತಲೆ ಬಗ್ಗಿಸಿದಂತೆ. ಭುಜಕ್ಕೆ ಇದು ಸಾಲದು. ಬೆನ್ನಿನ ಮೇಲ್ಭಾಗದ ಎರಡು ಹೆಗಲ ಮೂಳೆಗಳನ್ನು ಒಂದಕ್ಕೊಂದು ಹತ್ತಿರ ತರುವ ಎಳೆತವೂ ಬೇಕು. ಕೈಗೆ ಜೋಮು ಹಿಡಿದರೆ ನಿಲ್ಲಿಸಿ ವೈದ್ಯರಿಗೆ ತೋರಿಸಿ.