ಎನ್‌ಪಿಎಸ್: ಐವತ್ತು ಸಾವಿರ ಬಿಡಿ, ಕಂಪನಿ ಪಾಲು ಕೇಳಿ

ರಾಷ್ಟ್ರೀಯ ಪಿಂಚಣಿ ಯೋಜನೆ, ಅಂದರೆ ಎನ್‌ಪಿಎಸ್ ಮಾತೆತ್ತಿದರೆ ಊರಲ್ಲಿ ಎಲ್ಲರೂ ಹೇಳುವುದು ಒಂದೇ: "80ಸಿ ತುಂಬಿದ ಮೇಲೂ ಐವತ್ತು ಸಾವಿರ ತೆರಿಗೆ ಕಡಿತ ಜಾಸ್ತಿ ಸಿಗುತ್ತೆ." ಸುಳ್ಳಲ್ಲ. 2015-16ರಿಂದ ಆ ಸೌಲಭ್ಯ ಇದೆ. ಆದರೆ ಸಂಬಳದವರಿಗೆ ಈಗ ನಿಜವಾಗಿ ಲಾಭ ಕೊಡುವುದು ಅದಲ್ಲ, ಕಂಪನಿ ಕಟ್ಟುವ ಪಾಲು. ಅದನ್ನು ಎಚ್‌ಆರ್ ಹತ್ತಿರ ಕೇಳಿ ಪಡೆಯುವವರು ನನಗೆ ಗೊತ್ತಿರುವವರಲ್ಲಿ ಬಹಳ ಕಡಿಮೆ.

ಅಮೆರಿಕದಲ್ಲಿ ಕೆಲಸ ಮಾಡುವ ನಾನು ಇಲ್ಲಿನ 401ಕೆ ನಿವೃತ್ತಿ ಯೋಜನೆಗೆ ಹಣ ಕಟ್ಟುತ್ತೇನೆ. ನನ್ನ ತಮ್ಮ ಬೆಂಗಳೂರಿನಲ್ಲಿ ಎನ್‌ಪಿಎಸ್‌ಗೆ ಕಟ್ಟುತ್ತಾನೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ನಮ್ಮ ನಿಯಮದ ಗಂಟುಗಳು ಚೆನ್ನಾಗಿ ಕಾಣುತ್ತವೆ.

ಇಲ್ಲಿ ಅಮೆರಿಕದಲ್ಲಿ ಲೆಕ್ಕ ಸರಳ. 2025ಕ್ಕೆ ನೌಕರ ತನ್ನ ಸಂಬಳದಿಂದ 23,500 ಡಾಲರ್‌ವರೆಗೆ ಕಟ್ಟಬಹುದು, ವಯಸ್ಸಾದವರಿಗೆ ಇನ್ನೂ ಸ್ವಲ್ಪ ಜಾಸ್ತಿ. ಕಂಪನಿ ಸೇರಿಸುವ ಹಣ ಆ ಮಿತಿಯೊಳಗೆ ಬರುವುದಿಲ್ಲ. ಬೇಸಿಕ್ ಎಷ್ಟು, ಅಲೋವೆನ್ಸ್ ಎಷ್ಟು ಅಂತ ಯಾರೂ ಕೇಳುವುದಿಲ್ಲ. ಜನವರಿಯಲ್ಲಿ ರಸೀದಿ ಹುಡುಕಿ ಅಪ್‌ಲೋಡ್ ಮಾಡುವ ಗಡಿಬಿಡಿಯೂ ಇಲ್ಲ.

ನಮ್ಮಲ್ಲಿ ಒಂದೇ ಎನ್‌ಪಿಎಸ್ ಖಾತೆಗೆ ಹೋದ ಹಣ ಮೂರು ಕಡೆ ಲೆಕ್ಕಕ್ಕೆ ಬರುತ್ತದೆ. ನೀವೇ ಕಟ್ಟಿದ್ದು 80ಸಿಸಿಡಿ(1). ಇದು ಪಿಎಫ್, ಎಲ್‌ಐಸಿ, ಮಕ್ಕಳ ಟ್ಯೂಷನ್ ಫೀ ಎಲ್ಲದರ ಜೊತೆ ಸೇರಿ 80ಸಿಯ ಅದೇ ಒಂದೂವರೆ ಲಕ್ಷದೊಳಗೆ ಇರಬೇಕು. ನೀವೇ ಕಟ್ಟಿದ್ದರಲ್ಲೇ ಐವತ್ತು ಸಾವಿರದವರೆಗೆ 80ಸಿಸಿಡಿ(1ಬಿ) ಅಡಿ ತೋರಿಸಿದರೆ ಅದು ಆ ಮಿತಿಯ ಹೊರಗೆ. ಕಂಪನಿ ಕಟ್ಟಿದ್ದು 80ಸಿಸಿಡಿ(2). ಅದಕ್ಕೂ ಒಂದೂವರೆ ಲಕ್ಷಕ್ಕೂ ಸಂಬಂಧವಿಲ್ಲ, ಐವತ್ತು ಸಾವಿರಕ್ಕೂ ಸಂಬಂಧವಿಲ್ಲ. ಅದರ ಅಳತೆಯೇ ಬೇರೆ: ಬೇಸಿಕ್ ಮತ್ತು ಡಿಎ ಸೇರಿದ ಮೊತ್ತದ ಇಂತಿಷ್ಟು ಶೇಕಡಾ. (ಇವು 1961ರ ಕಾಯ್ದೆಯ ಸಂಖ್ಯೆಗಳು. 2026ರ ಏಪ್ರಿಲ್‌ನಿಂದ ಹೊಸ ಕಾಯ್ದೆ ಬರುವುದರಿಂದ ಸೆಕ್ಷನ್ ನಂಬರ್ ಬದಲಾಗುತ್ತವೆ.)

ಮೊದಲ ಎರಡು ಸಿಗುವುದು ಹಳೇ ತೆರಿಗೆ ಪದ್ಧತಿಯಲ್ಲಿ ಮಾತ್ರ. ಮೂರನೆಯದು ಹೊಸ ಪದ್ಧತಿಯಲ್ಲೂ ಸಿಗುತ್ತದೆ. ಅಷ್ಟೇ ಅಲ್ಲ, ಅಲ್ಲಿ ಮಿತಿ ಇನ್ನೂ ಜಾಸ್ತಿ. ಖಾಸಗಿ ಕಂಪನಿಯವರಿಗೆ ಹಳೇ ಪದ್ಧತಿಯಲ್ಲಿ ಶೇ. 10, ಹೊಸದರಲ್ಲಿ 2024-25ರಿಂದ ಶೇ. 14.

ತಮ್ಮನ ಲೆಕ್ಕವನ್ನೇ ನೋಡೋಣ. ಅವನ ಸಂಬಳ ವರ್ಷಕ್ಕೆ 15 ಲಕ್ಷ, ಅದರಲ್ಲಿ ಬೇಸಿಕ್ ಏಳೂವರೆ ಲಕ್ಷ. ಪಿಎಫ್‌ಗೆ ಅವನ ಪಾಲೇ 90,000 ಹೋಗುತ್ತದೆ. ಮಗಳ ಸ್ಕೂಲ್ ಫೀಯೂ ವಿಮೆಯೂ ಸೇರಿದರೆ ಒಂದೂವರೆ ಲಕ್ಷ ತಾನಾಗಿ ತುಂಬುತ್ತದೆ. ಅದರ ಮೇಲೆ ಮಾರ್ಚ್ ಒಳಗೆ ಐವತ್ತು ಸಾವಿರ ಎನ್‌ಪಿಎಸ್‌ಗೆ ಹಾಕುತ್ತಾನೆ. "ಅಣ್ಣಾ, ಹಳೇ ಪದ್ಧತಿ ಬಿಟ್ರೆ ಈ ಐವತ್ತು ಸಾವಿರ ಹೋಗುತ್ತಲ್ವಾ?" ಅನ್ನುವುದು ಅವನ ವಾದ. ಮೂವತ್ತು ಪರ್ಸೆಂಟ್ ಹಂತದಲ್ಲಿ ಸೆಸ್ ಸೇರಿ ಅದರಿಂದ ಉಳಿಯುವುದು 15,600 ರೂಪಾಯಿ. ಕಣ್ಣಿಗೆ ಕಾಣುವ ದುಡ್ಡು, ಬಿಡಲು ಮನಸ್ಸು ಬರುವುದಿಲ್ಲ.

ಆದರೆ ಪೂರ್ತಿ ಲೆಕ್ಕ ಹಾಕಿ. ಹಳೇ ಪದ್ಧತಿಯಲ್ಲಿ 15 ಲಕ್ಷದಿಂದ ಸ್ಟ್ಯಾಂಡರ್ಡ್ ಡಿಡಕ್ಷನ್ 50,000, ಆಮೇಲೆ ಈ ಎರಡು ಲಕ್ಷ ಕಳೆದರೆ ಹನ್ನೆರಡೂವರೆ ಲಕ್ಷ ಉಳಿಯುತ್ತದೆ. ತೆರಿಗೆ ಸೆಸ್ ಸೇರಿ 1,95,000. 2025-26ರ ಹೊಸ ಪದ್ಧತಿಯಲ್ಲಿ ಸ್ಟ್ಯಾಂಡರ್ಡ್ ಡಿಡಕ್ಷನ್ 75,000 ಬಿಟ್ಟು ಬೇರೇನನ್ನೂ ಕಳೆಯದಿದ್ದರೂ ತೆರಿಗೆ 97,500. ಸರಿಯಾಗಿ ಅರ್ಧ! ಅವನು ಸ್ವಂತ ಮನೆಯಲ್ಲಿದ್ದಾನೆ, ಸಾಲ ತೀರಿದೆ. ದೊಡ್ಡ ಬಾಡಿಗೆಗೆ ಎಚ್‌ಆರ್‌ಎ, ಮೇಲೆ ಗೃಹಸಾಲದ ಬಡ್ಡಿ ಎರಡೂ ಇರುವವರ ಲೆಕ್ಕ ಬೇರೆ ಬರಬಹುದು. ಅವರು ತಮ್ಮ ಅಂಕಿ ಹಾಕಿಯೇ ನೋಡಬೇಕು.

ಈಗ ಹೊಸ ಪದ್ಧತಿಯಲ್ಲೇ ಕಂಪನಿ ಪಾಲು ಸೇರಿಸಿ. ಏಳೂವರೆ ಲಕ್ಷಕ್ಕೆ ಶೇ. 14 ಅಂದರೆ 1,05,000. ತೆರಿಗೆ 81,120ಕ್ಕೆ ಇಳಿಯುತ್ತದೆ. ಉಳಿತಾಯ 16,380. ಐವತ್ತು ಸಾವಿರಕ್ಕಾಗಿ ಹಳೇ ಪದ್ಧತಿ ಹಿಡಿದುಕೊಂಡು ಉಳಿಸುತ್ತಿದ್ದದ್ದಕ್ಕಿಂತ ಜಾಸ್ತಿ, ಅದೂ ಅರ್ಧ ತೆರಿಗೆಯ ಮೇಲೆ.

ಇಲ್ಲೊಂದು ಮಾತು ಹೇಳಲೇಬೇಕು. ಅಮೆರಿಕದಲ್ಲಿ ಕಂಪನಿ ಮ್ಯಾಚ್ ಅಂದರೆ ಸಾಮಾನ್ಯವಾಗಿ ಸಂಬಳದ ಮೇಲೆ ಹೆಚ್ಚುವರಿಯಾಗಿ ಕೊಡುವ ಹಣ. ನೀವು ಕಟ್ಟದಿದ್ದರೆ ಅದೂ ಬರುವುದಿಲ್ಲ. ನಮ್ಮಲ್ಲಿ ಸಿಟಿಸಿ ಲೆಕ್ಕದಲ್ಲಿ "ಕಂಪನಿ ಪಾಲು" ಅನ್ನುವುದು ಹೆಚ್ಚಿನ ಕಡೆ ನಿಮ್ಮದೇ ದುಡ್ಡು. ಸ್ಪೆಷಲ್ ಅಲೋವೆನ್ಸ್‌ನಿಂದ ತೆಗೆದು ಆ ಹೆಸರಿನಲ್ಲಿ ಎನ್‌ಪಿಎಸ್‌ಗೆ ಹಾಕುತ್ತಾರೆ. ತಮ್ಮನಿಗೆ ತಿಂಗಳಿಗೆ 8,750 ಕೈಗೆ ಬರುವುದು ನಿಲ್ಲುತ್ತದೆ, ತೆರಿಗೆಯಲ್ಲಿ 1,365 ವಾಪಸ್ ಬರುತ್ತದೆ. ಅಂದರೆ ಕೈಗೆ 7,385 ಕಡಿಮೆ. ಎನ್‌ಪಿಎಸ್‌ನ ಮುಖ್ಯ ಖಾತೆಯಾದ ಟಿಯರ್ 1ರಲ್ಲಿ ಕೂತ ಹಣವನ್ನು ಬೇಕೆಂದಾಗ ತೆಗೆಯುವ ಹಾಗಿಲ್ಲ. ತಿಂಗಳ ಕೊನೆಗೆ ಕೈ ಬಿಗಿಯಾಗುವವರು ಬರೀ ತೆರಿಗೆ ನೋಡಿ ಇದಕ್ಕೆ ಹೂಂ ಅನ್ನಬಾರದು.

ಇನ್ನೊಂದು ತೊಡಕು, ಇದನ್ನು ಮಾರ್ಚ್ ಕೊನೆಯಲ್ಲಿ ನೀವೇ ಹೋಗಿ ಮಾಡಲು ಆಗುವುದಿಲ್ಲ. ಆನ್‌ಲೈನ್‌ನಲ್ಲಿ ನೀವು ಕಟ್ಟಿದ ಹಣ ಎಷ್ಟೇ ಇರಲಿ, ಅದು ನಿಮ್ಮ ಪಾಲೇ. ಕಂಪನಿ ಕಾರ್ಪೊರೇಟ್ ಎನ್‌ಪಿಎಸ್‌ಗೆ ಸೇರಿರಬೇಕು, ನಿಮ್ಮ ಎನ್‌ಪಿಎಸ್ ಖಾತೆಯ ಪ್ರಾನ್ ಸಂಖ್ಯೆಯನ್ನು ಆ ವಲಯಕ್ಕೆ ಬದಲಿಸಿಕೊಳ್ಳಬೇಕು, ಸಂಬಳದ ವಿಂಗಡಣೆಯೂ ಬದಲಾಗಬೇಕು. ಹೊಸ ಖಾತೆ ಬೇಡ, ಇರುವ ಪ್ರಾನ್ ಸಾಕು. ಸರಿಯಾಗಿದೆಯೇ ಎಂದು ತಿಳಿಯಲು ಎನ್‌ಪಿಎಸ್ ಸ್ಟೇಟ್‌ಮೆಂಟ್ ತೆಗೆದು ನೋಡಿ. ನೌಕರನ ಪಾಲು, ಕಂಪನಿ ಪಾಲು ಬೇರೆ ಬೇರೆ ಕಾಣಬೇಕು.

ಫಾರ್ಮ್ 16 ಬಂದಾಗಲೂ ಕೆಲವರು ಗಾಬರಿಯಾಗುತ್ತಾರೆ, ಸಂಬಳ ಕಡಿಮೆಯೇ ಆಗಿಲ್ಲವಲ್ಲ ಅಂತ. ಗಾಬರಿ ಬೇಡ. ಕಂಪನಿ ಕಟ್ಟಿದ ಹಣವನ್ನು ಮೊದಲು ಸಂಬಳಕ್ಕೆ ಸೇರಿಸಿ, ಆಮೇಲೆ 80ಸಿಸಿಡಿ(2) ಅಡಿ ಕಳೆಯುತ್ತಾರೆ. ಅದೇ ಹಣವನ್ನು ರಿಟರ್ನ್ಸ್‌ನಲ್ಲಿ (1ಬಿ) ಅಡಿ ಮತ್ತೊಮ್ಮೆ ತೋರಿಸಿದರೆ ಅದು ತಪ್ಪು. ತುಂಬಾ ದೊಡ್ಡ ಸಂಬಳದವರಿಗೆ ಮಾತ್ರ ಇನ್ನೊಂದು ಗೆರೆ ಇದೆ: ಪಿಎಫ್, ಎನ್‌ಪಿಎಸ್, ಸೂಪರ್‌ಆನ್ಯುಯೇಷನ್ ಮೂರಕ್ಕೂ ಕಂಪನಿ ಕಟ್ಟಿದ್ದು ಸೇರಿ ವರ್ಷಕ್ಕೆ ಏಳೂವರೆ ಲಕ್ಷ ದಾಟಿದರೆ ಮಿಕ್ಕಿದ್ದಕ್ಕೆ ತೆರಿಗೆ ಬೀಳುತ್ತದೆ.

ನನಗೆ ನಿಜವಾಗಿ ಸರಿ ಕಾಣದೇ ಇರುವುದು ಬೇರೆ. ಹೊಸ ಪದ್ಧತಿಯಲ್ಲಿ ಎನ್‌ಪಿಎಸ್ ಕಡಿತ ಬೇಕಾದರೆ ಕಂಪನಿ ಇರಲೇಬೇಕು, ಅದೂ ಒಪ್ಪುವ ಕಂಪನಿ. ಊರಲ್ಲಿ ಸ್ವಂತ ವರ್ಕ್‌ಶಾಪ್ ನಡೆಸುವ ನಮ್ಮ ಭಾವನಿಗೆ ಅಲ್ಲಿ ಸೊನ್ನೆ. ಹಳೇ ಪದ್ಧತಿಯಲ್ಲಾದರೂ ಅವರು ಆದಾಯದ ಶೇ. 20ರವರೆಗೆ, ಅದೂ ಒಂದೂವರೆ ಲಕ್ಷದೊಳಗೆ, ಮೇಲೆ ಐವತ್ತು ಸಾವಿರ ತೋರಿಸಬಹುದು. ಅದಕ್ಕಾಗಿ ಹೊಸ ಪದ್ಧತಿಯ ಕಡಿಮೆ ದರ ಬಿಟ್ಟುಕೊಡಬೇಕು. ಅಮೆರಿಕದಲ್ಲಿ ಒಬ್ಬರೇ ವ್ಯಾಪಾರ ಮಾಡುವವರು ಸೋಲೋ 401ಕೆ ತೆರೆದು ನೌಕರನ ಪಾಲನ್ನೂ ಮಾಲೀಕನ ಪಾಲನ್ನೂ ತಾವೇ ಕಟ್ಟಿಕೊಳ್ಳುತ್ತಾರೆ. ಪಿಂಚಣಿ ಇಲ್ಲದೇ ಮುದುಕರಾಗುವವರು ನಮ್ಮಲ್ಲಿ ಹೆಚ್ಚಾಗಿ ಭಾವನಂಥವರೇ ಅಲ್ವಾ? ಶೇ. 14 ಅನ್ನು ಸಂಬಳದವರಿಗೆ ಕೊಟ್ಟಾಗ ಅವರಿಗೂ ಅಷ್ಟೇ ಕೊಡಬಹುದಿತ್ತು.